ಮೆಟ್ಟಿಲಿನಲ್ಲಿ ನಿಂತ ಮಾತು

ಹಿರಿಯ ಆರ್ಕಿಟೆಕ್ಟರಿಗೆ ಆಫೀಸಿನವರೆಲ್ಲ ಸೇರಿ ಇಟ್ಟ ಹೆಸರು 'ಒಂದ್ಸಾಲು ಸರ್'. ಎಂಥ ಘನಂದಾರಿ ನಕ್ಷೆ ಮುಂದಿಟ್ಟರೂ ಅದರ ಮೂಲ ಕಲ್ಪನೆಯನ್ನು ಒಂದೇ ಸಾಲಿನಲ್ಲಿ ಹೇಳಿಸದೆ ಬಿಡುವ ಆಸಾಮಿಯಲ್ಲ. ಕಿವಿ ಕೇಳದ ಮಕ್ಕಳ ಶಾಲೆಯ ನಕ್ಷೆಯನ್ನು ಅವರು ಆಫೀಸಿನ ಕಿರಿಯ ಆರ್ಕಿಟೆಕ್ಟ್ ಹುಡುಗಿಗೆ ವಹಿಸಿದ್ದರು. ಅವಳ ಸ್ವಂತದ ಮೊದಲ ಕಟ್ಟಡ.

ಅವಳು ರಟ್ಟಿನ ಮಾದರಿ ತಂದಿಟ್ಟಳು. ಗುಡ್ಡದ ಇಳಿಜಾರಿನಲ್ಲಿ ನೆಟ್ಟಗೆ ಇಳಿಯುವ ಭರ್ಜರಿ ಮೆಟ್ಟಿಲು, ಪಕ್ಕದಲ್ಲಿ ಕಾಲುವೆ, ತರಗತಿಗಳಿಗೆ ಬಣ್ಣದ ಗಾಜು.

"ಒಂದ್ಸಾಲು?"

"ನೀರು, ಬಣ್ಣ, ಬೆಳಕು, ಆಮೇಲೆ..."

"ಇದು ದಿನಸಿ ಚೀಟಿ ಕಣಮ್ಮ. ನಾಳೆ ಶಾಲೆಯವರು ಬರ್ತಾರೆ. ಅಷ್ಟರಲ್ಲಿ ಹೊಳೀಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀನಿ."

ಅವಳಿಗೆ ಅಳುವೇ ಬಂತು. ಮುಖ ಊದಿಸಿಕೊಂಡು ಸೈಟಿಗೆ ಹೋದಳು. ಶಾಲೆಯ ಹೆಡ್ ಮೇಡಂ ತಮ್ಮ ಅಕ್ಕನ ಜೊತೆ ಅಲ್ಲೇ ಇದ್ದರು. ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳದು. ಅದೇ ಶಾಲೆಯ ಟೀಚರು. ತಂಗಿ, ಅಂದರೆ ಹೆಡ್ ಮೇಡಂ, ಕೊಟ್ಟಿದ್ದ ಬೇಡಿಕೆಪಟ್ಟಿಯ ಕೊನೆಗೆ, 'ಮಕ್ಕಳು ಹಾಯಾಗಿ ಮಾತಾಡಿಕೊಂಡಿರಬೇಕು' ಎಂದಿತ್ತು. ಚಂದದ ಮಾತೆಂದು ಇವಳು ಓದಿ ಬಿಟ್ಟಿದ್ದಳು.

ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡುತ್ತ, ಕೈಸನ್ನೆಯಲ್ಲಿ ಮಾತಾಡುತ್ತ, ಜೋಡಿಯಾಗಿ ಬರುತ್ತಿದ್ದರು. ಯಾರನ್ನೋ ಆಡಿಕೊಳ್ಳುತ್ತಿದ್ದಿರಬೇಕು, ಇಬ್ಬರಿಗೂ ನಗು ತಡೆಯದು. ಸೈಟಿನ ಹಳೆಯ ಕಲ್ಲುಮೆಟ್ಟಿಲು ಎದುರಾಯಿತು. ಕಣ್ಣು ಕಾಲಿನತ್ತ ಹೋಯಿತು, ಕೈ ಕಂಬಿ ಹಿಡಿಯಿತು. ಮಾತು ನಿಂತಿತು. ಕೆಳಗಿಳಿದ ಮೇಲೆಯೇ ಮತ್ತೆ ಶುರು.

ಅವಳಿಗೆ ತಟ್ಟನೆ ಹೊಳೆಯಿತು. ಕೈಯಲ್ಲಿ ಮಾತಾಡುವ ಮಕ್ಕಳ ಶಾಲೆಗೆ ನಾನು ನಟ್ಟನಡುವೆ ಮೆಟ್ಟಿಲು ಕಟ್ಟಲು ಹೊರಟಿದ್ದೆನಲ್ಲ!

"ಮೇಡಂ, ಇನ್ನೊಂದ್ಸಲ ಮೇಲೆ ಹೋಗಿ, ಆ ಹುಲ್ಲಿನ ಮೇಲೆ ಓರೆಯಾಗಿ, ನಿಧಾನಕ್ಕೆ ಇಳಿದು ಬರ್ತೀರಾ?"

ಇಬ್ಬರೂ ಇಳಿದರು. ಕೈಗಳು ನಿಲ್ಲಲೇ ಇಲ್ಲ. ತಿರುವಿನಲ್ಲಿ ಸೂರ್ಯ ಅಕ್ಕನ ಬೆನ್ನಿಗೆ ಬಂದಾಗ ಮಾತ್ರ ತಂಗಿ ಕಣ್ಣು ಕಿರಿದು ಮಾಡಿದರು.

"ಬಿಸಿಲು ಹಿಂದಿದ್ರೆ ಮುಖ, ಕೈ ಎಲ್ಲಾ ಕಪ್ಪಗೆ ಕಾಣುತ್ತೆ. ಮಾತು ತಿಳಿಯಲ್ಲ," ಎಂದರು.

ಅವಳು ಗುಡ್ಡವನ್ನೇ ನೋಡುತ್ತ ನಿಂತುಬಿಟ್ಟಳು. ಇಷ್ಟು ದಿನ ಅದು ಅಡ್ಡಿ ಎಂದುಕೊಂಡಿದ್ದಳು. ಅದೋ, ಸುಮ್ಮನೆ ದಾರಿ ಹಾಸಿಕೊಂಡು ಕಾದಿತ್ತು. ಅವಳ ಮನಸ್ಸಿನಲ್ಲಿ ಹೊಸ ನಕ್ಷೆ ಮೂಡತೊಡಗಿತು: ಮೆಟ್ಟಿಲಿಲ್ಲದೆ ಓರೆಯಾಗಿ ಇಳಿಯುವ ಒಂದೇ ದಾರಿ, ಇಬ್ಬರು ಕೈಯಾಡಿಸುತ್ತ ನಡೆಯುವಷ್ಟು ಅಗಲ. ಎದುರು ಬರುವವರು ಕಾಣುವಂತೆ ದುಂಡನೆಯ ಮೂಲೆಗಳು. ದಾರಿಗೆ ತೆರೆದ ತರಗತಿಗಳು, ಒಬ್ಬರಿಗೊಬ್ಬರು ಕಾಣುವಂತೆ ಅರ್ಧವೃತ್ತದಲ್ಲಿ ಕೂರುವ ಮಕ್ಕಳು, ಉತ್ತರ ದಿಕ್ಕಿನ ಕಿಟಕಿಗಳಿಂದ ಕಣ್ಣಿಗೆ ಹೊಡೆಯದ ಬೆಳಕು. ಕಾಲುವೆ, ಬಣ್ಣದ ಗಾಜು ಹೇಳದೆ ಕೇಳದೆ ಜಾಗ ಖಾಲಿ ಮಾಡಿದವು.

ಮರುದಿನ ಹೊಸ ಮಾದರಿಯ ಸುತ್ತ ಎಲ್ಲರೂ ನಿಂತರು.

"ಒಂದ್ಸಾಲು?"

"ಇಲ್ಲಿ ಎಲ್ಲೂ ಮಾತು ನಿಲ್ಲಬಾರದು, ಸರ್."

ಒಂದ್ಸಾಲು ಸರ್ ಮಾದರಿಯನ್ನು ಅಕ್ಕತಂಗಿಯರ ಕಡೆಗೆ ಸರಿಸಿದರು. ತಂಗಿ ಆ ಸಾಲನ್ನು ಕೈಯಲ್ಲಿ ಹೇಳಿದರು. ಅಕ್ಕ ಎರಡು ಬೆರಳನ್ನು ರಟ್ಟಿನ ದಾರಿಯ ಮೇಲೆ ಕೊನೆಯವರೆಗೂ ನಡೆಸಿದರು. ಆಮೇಲೆ ನಿಧಾನವಾಗಿ ಏನೋ ಹೇಳಿದರು. ತಂಗಿ ಅದನ್ನು ಎಲ್ಲರಿಗೂ ಬಿಡಿಸಿ ಹೇಳಿದರು.

"ನಾನು ಓದಿದ ಶಾಲೇಲಿ ಮೂರು ಮಹಡಿ ಇತ್ತು, ಎಷ್ಟು ಮಾತು ಮೆಟ್ಟಿಲ ಮೇಲೇ ಬಿಟ್ಟು ಬಂದ್ನೋ ಅಂತಿದಾಳೆ."