ಮೈನಸ್ ಅರ್ಧ ಎಲ್ಲಿಂದ ಬಂತು

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಧಾರವಾಡದಿಂದ ಪುಣೆಗೆ ಬಂದು ಹಡಪಸರದ ಕಡೆಯ ಕಾಲೇಜೊಂದರಲ್ಲಿ ಗಣಿತ ಕಲಿಸತೊಡಗಿದ ಮೇಲೆ ಈ ಚಟ ಇನ್ನೂ ಬಲಿತಿದೆ. ಉತ್ತರಪತ್ರಿಕೆ ತಿದ್ದುವವರಿಗೆ ಹಗ್ಗ ಕಂಡರೂ ಹಾವೇ. ಆದ್ದರಿಂದ ೧೯೯೯ರ ಮೇ ತಿಂಗಳಲ್ಲಿ ಭಾಗ್ಯಾಳ ಮೇಲೆ ನಕಲಿನ ದೂರು ಬಂದಾಗ ನಾನು ಮೊದಲು ಅಂದುಕೊಂಡದ್ದು, ಮಾಡಿದ್ದರೂ ಮಾಡಿರಬಹುದು ಎಂದೇ.

ಭಾಗ್ಯಾ ಬಿ.ಎಸ್ಸಿ. ಕೊನೆಯ ವರ್ಷದವಳು. ಅಪ್ಪನಿಗೆ ಪಿಂಪ್ರಿಯ ಕಾರ್ಖಾನೆಯಲ್ಲಿ ಕೆಲಸ, ಮನೆಮಾತು ಕನ್ನಡ. ದೂರು ಕೊಟ್ಟವರು ನಮ್ಮ ವಿಭಾಗದ ಮುಖ್ಯಸ್ಥ ಕೃಷ್ಣಾಜಿ ಸರ್. ಪ್ರಶ್ನೆಪತ್ರಿಕೆ ತೆಗೆದವರೂ ಅವರೇ, ಮಾದರಿ ಉತ್ತರ ಬರೆದವರೂ ಅವರೇ, ಉತ್ತರಪತ್ರಿಕೆ ತಿದ್ದಿದವರೂ ಅವರೇ. ನಮ್ಮ ಕಾಲೇಜಿನಲ್ಲಿ ಪದ್ಧತಿ ಹಾಗಿತ್ತು. ಆರೋಪ ನಿಜವಾದರೆ ಹುಡುಗಿಗೆ ಒಂದು ವರ್ಷ ಪರೀಕ್ಷೆ ಬಂದ್, ಕೈಗೆ ಬಂದಿದ್ದ ಎಂ.ಎಸ್ಸಿ. ಸೀಟೂ ಹೋದ ಹಾಗೆ. ವಿಚಾರಣೆಗೆ ಪ್ರಿನ್ಸಿಪಾಲರು ತಮ್ಮ ಜೊತೆ ನನ್ನನ್ನೂ ಹಾಕಿದರು.

ಪ್ರಶ್ನೆ ಇದು: x²y″ + xy′ + (x² − ¼)y = 0. ಸೊನ್ನೆಯ ಸುತ್ತ ಶ್ರೇಣಿಯ ರೂಪದಲ್ಲಿ ಪರಿಹಾರ ಕೊಡಿ. ಸೊನ್ನೆ ಇಲ್ಲಿ ತಂಟೆಯ ಬಿಂದು, ಆದರೆ ಹದ್ದುಮೀರದ ತಂಟೆ. ಸಾಮಾನ್ಯ ಶ್ರೇಣಿಯ ಹಿಂದೆ x‌ನ ಒಂದು ಘಾತ ಕಟ್ಟಿದರೆ ಸಾಕು, ಆ ಘಾತ ಯಾವುದೆಂದು ಒಂದು ಪುಟ್ಟ ವರ್ಗಸಮೀಕರಣ ಹೇಳುತ್ತದೆ. ಅದರ ಮೂಲಗಳು ಇಲ್ಲಿ ಅರ್ಧ ಮತ್ತು ಮೈನಸ್ ಅರ್ಧ. ಮುಂದಿನ ದಾರಿ ಇವೆರಡರ ಅಂತರದ ಮೇಲೆ ನಿಂತಿದೆ. ಅಂತರ ಪೂರ್ಣಾಂಕವಲ್ಲದಿದ್ದರೆ ಎರಡು ಮೂಲಕ್ಕೂ ಒಂದೊಂದು ಶ್ರೇಣಿ ಸಲೀಸಾಗಿ ಬರುತ್ತದೆ. ಮೂಲಗಳು ಸಮವಾದರೆ ಎರಡನೆಯ ಪರಿಹಾರದಲ್ಲಿ ಲಾಗ್ ಬಂದೇ ಬರುತ್ತದೆ. ಅಂತರ ಪೂರ್ಣಾಂಕವಾದರೆ ಲಾಗ್ ಬರಬಹುದು, ಬರದೆಯೂ ಇರಬಹುದು. ಮಾಡಿಯೇ ನೋಡಬೇಕು. ಇಲ್ಲಿ ಅಂತರ ಒಂದು.

ಪಕ್ಕದ ಬೆಂಚಿನ ಅಮೇಯ ಲಾಗ್ ಹಾಕಿ ಎರಡು ಪುಟ ಬರೆದಿದ್ದ. ಮಾದರಿ ಉತ್ತರಕ್ಕೆ ಸರಿಯಾಗಿ ಹೊಂದಿದ್ದರಿಂದ ಪೂರ್ಣ ಅಂಕ. ಭಾಗ್ಯಾಳ ಮೊದಲ ಸಾಲುಗಳು ಅವನವೇ. ಅಲ್ಲಿಂದ ಅವಳು ನೇರ ಸಣ್ಣ ಮೂಲಕ್ಕೆ ಜಿಗಿದು, ಅರ್ಧ ಪುಟದಲ್ಲಿ ಲಾಗ್ ಇಲ್ಲದೆ ಮುಗಿಸಿದ್ದಳು. ಸೊನ್ನೆ ಅಂಕ.

"ಶುರು ಅವನದನ್ನು ನೋಡಿ ಬರೆದಳು. ಅವನು ಪುಟ ತಿರುವಿದ, ಇವಳು ಮುಂದಿನದನ್ನು ಕಟ್ಟಿದಳು," ಎಂದರು ಕೃಷ್ಣಾಜಿ, ಮರಾಠಿಯಲ್ಲಿ. ನನ್ನ ಕಡೆ ನೋಡಿ, "ನಿಮ್ಮ ಭಾಷೆಯ ಹುಡುಗಿ ಅಂತ ಕೇಳಿದೆ" ಎಂದೂ ಸೇರಿಸಿದರು. ಮೈ ಉರಿದುಹೋಯಿತು.

ಹೊರಗೆ ಬಂದು ಭಾಗ್ಯಾಳನ್ನು ಕಾರಿಡಾರಿನಲ್ಲೇ ಹಿಡಿದೆ.

"ನೋಡಿ ಬರದೀಯೋ ಇಲ್ಲೋ? ಖರೇ ಹೇಳು."

"ಇಲ್ರೀ ಮೇಡಂ."

"ಎಲ್ಲಾರೂ ಹಂಗ ಅಂತಾರ. ದೊಡ್ಡ ಮೂಲ ಬಿಟ್ಟು ಸಣ್ಣದಕ್ಕ ಯಾಕ ಹೋದಿ? ಉತ್ತರ ಮೊದಲ ಗೊತ್ತಿತ್ತೇನು?"

"ಗೊತ್ತಿರಲಿಲ್ರೀ. ನಾ ಯಾವಾಗ್ಲೂ ಸಣ್ಣದ್ರಿಂದನ ಶುರು ಮಾಡ್ತೀನ್ರಿ. ದಾಟಿದ್ರ ಎರಡೂ ಪರಿಹಾರ ಒಮ್ಮೆಗೇ ಬರ್ತಾವು. ಸಿಕ್ಕಿಬಿದ್ರ, ಲಾಗ್ ಬೇಕು ಅಂತ ಅದ ಹೇಳ್ತದ. ದೊಡ್ಡದ್ರಿಂದ ಹೋದ್ರ ಅದು ತಿಳಿಯೂದಿಲ್ರಿ."

ಮಾತು ಸರಿಯಾಗಿತ್ತು. ಸರಿಯಾದ ಮಾತು ಬಾಯಿಪಾಠವೂ ಇರಬಹುದು. ನಾನು ನಗಲಿಲ್ಲ, ಹೋಗು ಅಂದೆ.

ಮನೆಗೆ ಹೋಗಿ ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಹಾಸಿ ಲೆಕ್ಕ ಮಾಡಿದೆ. ಸಣ್ಣ ಮೂಲ ಹಿಡಿದು ಹೋದರೆ ಎರಡನೆಯ ಹೆಜ್ಜೆಯಲ್ಲಿ ಸೊನ್ನೆ ಗುಣಿಸು ಶ್ರೇಣಿಯ ಎರಡನೆಯ ಗುಣಕ a₁ ಸಮ ಸೊನ್ನೆ ಎಂದು ಬರುತ್ತದೆ. ತಕರಾರೇ ಇಲ್ಲ, a₁ ಏನಾದರೂ ಇರಲಿ. ಒಂದು ಕೈಯಲ್ಲಿ ಕೊಸೈನ್, ಇನ್ನೊಂದು ಕೈಯಲ್ಲಿ ಸೈನ್, ಎರಡೂ ವರ್ಗಮೂಲ x‌ನಿಂದ ಭಾಗಿಸಿದ್ದು. ಹುಡುಗಿಯ ಉತ್ತರ ಸರಿ. ಮಾದರಿ ಉತ್ತರವೇ ತಪ್ಪು.

ಆದರೆ ಉತ್ತರ ಸರಿಯಿದ್ದ ಮಾತ್ರಕ್ಕೆ ನಕಲಿನ ಮಾತು ತೀರಲಿಲ್ಲ. ನನ್ನನ್ನು ಕಾಡಿದ್ದು ಬೇರೆಯೇ. ಮಾದರಿ ಉತ್ತರದಲ್ಲಿ ಲಾಗ್‌ನ ಮುಂದೆ ಮೈನಸ್ ಅರ್ಧ ಎಂಬ ಗುಣಕವಿತ್ತು. ಅಮೇಯನಲ್ಲೂ ಅದೇ. ತಪ್ಪು ಅಭ್ಯಾಸದಿಂದ ಲಾಗ್ ಹಾಕಿದವನು ಕೂಡ ಕೈಯಾರೆ ಮಾಡಿದರೆ ಆ ಗುಣಕ ಸೊನ್ನೆಯೇ ಆಗಬೇಕು, ಬೇರೆ ದಾರಿಯಿಲ್ಲ. ಹಾಗಾದರೆ ಈ ಮೈನಸ್ ಅರ್ಧ ಯಾವ ಗಿಡದ ಕಾಯಿ? ಸಾರು ಉಕ್ಕುತ್ತಿತ್ತು, ನಾನು ಪುಸ್ತಕಗಳಲ್ಲಿ ಹೆಚ್ಚಾಗಿ ಬರುವ ಪ್ರಶ್ನೆಯ ಹಾಗೆ ¼ ಅಳಿಸಿ ಒಂದು ಬರೆದು ಮತ್ತೆ ಮಾಡಿದೆ. ಮೂಲಗಳು ಒಂದು, ಮೈನಸ್ ಒಂದು. ಸಣ್ಣ ಮೂಲ ಸೊನ್ನೆ ಗುಣಿಸು a₂ ಸಮ ಮೈನಸ್ a₀ ಎಂಬಲ್ಲಿ ಸಿಕ್ಕಿಬಿತ್ತು. ಲಾಗ್ ಹಾಕಿದೆ. ಗುಣಕ ಬಂತು: ಮೈನಸ್ ಅರ್ಧ. ನಾನು ಒಲೆ ಆರಿಸಿ ಅಲ್ಲೇ ಕೂತುಬಿಟ್ಟೆ.

ಮರುದಿನ ಭಾಗ್ಯಾ, ಅಮೇಯ ಇಬ್ಬರನ್ನೂ ಪ್ರಿನ್ಸಿಪಾಲರ ಮುಂದೆ, ಖಾಲಿ ತರಗತಿಯಲ್ಲಿ ಬೋರ್ಡಿಗೆ ಕರೆಸಿದೆ. ಕೃಷ್ಣಾಜಿ ಕಿಟಕಿಯ ಹತ್ತಿರ ಕೂತರು. ಮಾತೆಲ್ಲ ಮರಾಠಿಯಲ್ಲಿ.

ಭಾಗ್ಯಾಳಿಗೆ ಅದೇ ಪ್ರಶ್ನೆಯನ್ನು ¼ ಇದ್ದ ಜಾಗದಲ್ಲಿ ಒಂದು ಇಟ್ಟು ಕೊಟ್ಟೆ. ಬಾಯಿಪಾಠವಾಗಿದ್ದರೆ ಇಲ್ಲಿಯೂ ಲಾಗ್ ಬಿಡುತ್ತಾಳೆ. ಅವಳು ಸಣ್ಣ ಮೂಲದಿಂದ ಶುರು ಮಾಡಿದಳು, ಸಿಕ್ಕಿಬಿದ್ದಳು, ನಿಂತಳು. ಕೃಷ್ಣಾಜಿ ಕುರ್ಚಿಯಲ್ಲಿ ಅಲ್ಲಾಡಿ, "ನೋಡಿ!" ಎಂದರು. ಅವಳು ತಿರುಗಲಿಲ್ಲ. "ಇಲ್ಲಿ ಲಾಗ್ ಬೇಕು" ಎಂದು ದೊಡ್ಡ ಮೂಲ ಹಿಡಿದು, ಲಾಗ್ ಸೇರಿಸಿ, ಗುಣಕ ಮೈನಸ್ ಅರ್ಧ ಎಂದು ಬರೆದು ಸೀಮೆಸುಣ್ಣ ಕೆಳಗಿಟ್ಟಳು. ನನ್ನ ಸಂಶಯ ಅಲ್ಲಿಗೆ ಸತ್ತಿತು. ನಿಜ ಹೇಳಬೇಕೆಂದರೆ ಹೆಮ್ಮೆಯೂ ಆಯಿತು.

ಅಮೇಯನಿಗೆ ಪರೀಕ್ಷೆಯ ಪ್ರಶ್ನೆಯನ್ನೇ ಕೊಟ್ಟೆ. ಲಾಗ್‌ನ ಮುಂದೆ ಮೈನಸ್ ಅರ್ಧ ಬರೆದ.

"ಅದು ಹೇಗೆ ಬಂತು? ಸಮೀಕರಣಕ್ಕೆ ಹಾಕಿ ತೋರಿಸು."

ಹಾಕಿದ. ಗುಣಕಕ್ಕೆ k ಎಂದಿಟ್ಟಾಗ ಬಂದದ್ದು: k ಕೂಡಿಸು ಸೊನ್ನೆ ಗುಣಿಸು b₁ ಸಮ ಸೊನ್ನೆ. k ಸೊನ್ನೆ. ಅವನು ತನ್ನ ಬರಹವನ್ನೇ ನೋಡುತ್ತ ನಿಂತ, ಕಿವಿ ಕೆಂಪಾಯಿತು.

ನಾನು ಹುಡುಗನನ್ನು ಬಿಟ್ಟು ಕಿಟಕಿಯ ಕಡೆ ತಿರುಗಿದೆ. "ಸರ್, ಮಾದರಿ ಉತ್ತರದಲ್ಲೂ ಇದೇ ಮೈನಸ್ ಅರ್ಧ ಇದೆ. ಇಷ್ಟು ವರ್ಷ ಕಲಿಸಿದವರಿಗೆ ಅಂತರ ಪೂರ್ಣಾಂಕವಾದರೂ ಲಾಗ್ ಬರದೆ ಇರಬಹುದು ಅನ್ನುವುದು ಗೊತ್ತಿಲ್ಲವೇ?"

ಪ್ರಿನ್ಸಿಪಾಲರ ಮುಂದೆ, ವಿದ್ಯಾರ್ಥಿಗಳ ಮುಂದೆ ಹೀಗೆ ಕೇಳಿದ್ದು ಒರಟೇ. ಬೇಕೆಂದೇ ಕೇಳಿದೆ. ಅವರ ವಿದ್ವತ್ತನ್ನು ಕೆಣಕಿದರೆ ಅವರಿಗೆ ಮೂಗಿನ ಮೇಲೇ ಕೋಪ ಎಂದು ಬಲ್ಲೆ.

"ನನಗೆ ಗೊತ್ತಿಲ್ಲವೇ?" ಕೃಷ್ಣಾಜಿ ಎದ್ದೇ ನಿಂತರು. "ನಾನು ಮೊದಲು ಕೇಳಿದ್ದು ಕಾಲಿನ ಬದಲು ಒಂದು ಇದ್ದ ಪ್ರಶ್ನೆ! ಪತ್ರಿಕೆ ಪರಿಶೀಲಿಸಿದವರು ಕಷ್ಟವಾಯಿತೆಂದು ಅದನ್ನು ಕಾಲು ಮಾಡಿಸಿದರು. ಅವಸರದಲ್ಲಿ ನಾನು ಮೇಲಿನ ಸಾಲುಗಳನ್ನಷ್ಟೇ ತಿದ್ದಿದೆ, ಕೆಳಗಿನದು ಹಾಗೇ ಉಳಿಯಿತು. ಆ ಮೈನಸ್ ಅರ್ಧ ಹಳೆಯ ಪ್ರಶ್ನೆಯದು. ಈ ಪ್ರಶ್ನೆಯಿಂದ ಅದು ಯಾರಿಗೂ ಬರಲು ಸಾಧ್ಯವೇ ಇಲ್ಲ!"

"ಯಾರಿಗೂ?" ಎಂದೆ. "ಹಾಗಾದರೆ ಅಮೇಯನ ಉತ್ತರಕ್ಕೆ ಅದು ಎಲ್ಲಿಂದ ಬಂತು?"

ಅಮೇಯ ತಲೆಯೆತ್ತಿ ಕೃಷ್ಣಾಜಿಯವರನ್ನೇ ನೋಡುತ್ತಿದ್ದ. ಸಂಜೆ ಅವರ ಮನೆಯಲ್ಲಿ ಟ್ಯೂಶನ್ನಿಗೆ ಕೂರುವ ಹುಡುಗ ಅವನು. ಇಡೀ ಕಾಲೇಜಿಗೆ ಅದು ಗೊತ್ತಿತ್ತು.

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು. "ಹುಡುಗಿಯ ಉತ್ತರಕ್ಕೆ ಪೂರ್ಣ ಅಂಕ ಹಾಕಿ," ಎಂದು ನನಗೆ ಹೇಳಿದರು. ಆಮೇಲೆ, "ಕೃಷ್ಣಾಜಿ, ನೀವು ಮತ್ತು ಈ ಹುಡುಗ ನನ್ನ ಕೋಣೆಗೆ ಬನ್ನಿ."

ಮೂವರೂ ಹೋದರು. ಭಾಗ್ಯಾ ಡಸ್ಟರ್ ಕೈಗೆ ತೆಗೆದುಕೊಂಡು, "ಅಳಸ್ಲೇನ್ರೀ ಮೇಡಂ?" ಎಂದಳು.

"ನಿಂದು ಅಳಸು," ಎಂದೆ. "ಅವಂದು ಇರ್ಲಿ."

ಅವಳು ತನ್ನದನ್ನು ಅಳಿಸಿದಳು. ಮುಖ ತಿರುಗಿಸದೆಯೇ ಕೇಳಿದಳು, "ನೀವೂ ನನ್ನ ನಂಬಿರಲಿಲ್ಲ, ಹೌದಲ್ರೀ?"