ಅಕ್ಷರ ಸರಿಹೋದ ಮೇಲೆ

ಪರದೆಯ ಮೇಲೆ ಅಕ್ಷರ ಸರಿಯಾಗಿ ಮೂಡಿತೆಂದರೆ ನಮ್ಮಣ್ಣನ ಪಾಲಿಗೆ ಲೋಕವೇ ಸರಿಹೋದ ಹಾಗೆ. ರಿಪೇರಿ ಅಂಗಡಿ ನಮ್ಮಿಬ್ಬರದು. ಬೆಸುಗೆ ನನ್ನದು, ಪ್ರೋಗ್ರಾಂ ಅವನದು, ಜಗಳ ಇಬ್ಬರದೂ.

ಎದುರು ಕಟ್ಟಡದ ಫಿಸಿಯೋಥೆರಪಿ ಡಾಕ್ಟರಮ್ಮ ಬೆನ್ನಿಗೆ ಶಾಖ ಕೊಡುವ ಎರಡು ಪ್ಯಾಡುಗಳನ್ನು ಕೊಟ್ಟಿದ್ದರು. ಎರಡರಲ್ಲೂ ಬೋರ್ಡು ಸತ್ತಿತ್ತು. ತಂತಿಯಲ್ಲಿರುವ ಪುಟ್ಟ ಪೆಟ್ಟಿಗೆಯ ಮೇಲೆ ಉಳಿದ ನಿಮಿಷ ತೋರಿಸುತ್ತಾ, ಹದಿನೈದು ನಿಮಿಷ ಕಾಯಿಸಿ ತಾನಾಗಿಯೇ ನಿಲ್ಲಿಸುವುದಷ್ಟೇ ಅದರ ಕೆಲಸ. ನಾನು ಡ್ರಾಯರಿನಿಂದ ನಮ್ಮ ಮಾಮೂಲಿ ಬೋರ್ಡು ತೆಗೆದು ಕೂರಿಸಿದೆ, ಅಣ್ಣ ಪ್ರೋಗ್ರಾಂ ತುಂಬಿದ. ಅದು ತಕರಾರಿಲ್ಲದೆ ಬೋರ್ಡಿನೊಳಗೆ ಹೋಯಿತು.

ಬೋರ್ಡು ತಾನೇನು ಮಾಡುತ್ತಿದೆಯೆಂದು ಸಾಲುಸಾಲಾಗಿ ಕಂಪ್ಯೂಟರಿಗೆ ತಿಳಿಸುವ ಕಿಟಕಿಗೆ ಸೀರಿಯಲ್ ಮಾನಿಟರ್ ಎನ್ನುತ್ತೇವೆ. ಅಲ್ಲಿ ಬಂದದ್ದು ಬರೀ ಕಸ. ಪ್ರಶ್ನೆ ಚಿಹ್ನೆ, ಖಾಲಿ ಚೌಕ, ತಲೆಬುಡವಿಲ್ಲದ ಗುರುತುಗಳು.

"ಗ್ರೌಂಡ್ ತಂತಿ ಬಿಟ್ಟಿರ್ಬೇಕು ನೀನು," ಎಂದ ಅಣ್ಣ. ತಪ್ಪು ಯಾವತ್ತೂ ನನ್ನ ಕಡೆಯಿಂದಲೇ ಶುರುವಾಗಬೇಕು ಅವನಿಗೆ.

ತಂತಿ ಇತ್ತು. ಬೇರೆ ಕೇಬಲ್ ಹಾಕಿದೆ, ಅದೇ ಕಸ. ಹಳೇ ಕಂಪ್ಯೂಟರುಗಳ ಪೋರ್ಟಿನ ಅಡಾಪ್ಟರ್ ಹಾಕಿಬಿಟ್ಟೆನೇನೋ ಎಂದು ನೋಡಿದೆ. ಅದರಲ್ಲಿ ವೋಲ್ಟೇಜು ತಿರುವುಮುರುವಾಗಿರುತ್ತದೆ, ಹಾಗಾದರೂ ಕಸವೇ ಬರುತ್ತದೆ. ಅದೂ ಅಲ್ಲ. ರೀಸೆಟ್ ಒತ್ತಿದಾಗಲೆಲ್ಲ ಮೊದಲ ಸಾಲು ಚಾಚೂ ತಪ್ಪದೆ ಅದೇ ಬರುತ್ತಿತ್ತು. ಸಡಿಲ ತಂತಿಯ ಕಸವಾದರೆ ಒಂದೊಂದು ಸಲ ಒಂದೊಂದು ಥರ.

"ಹಾಗಾದ್ರೆ ಬಾಡ್ ರೇಟು," ಎಂದ ಅಣ್ಣ. ಹೇಳುವವನೂ ಕೇಳುವವನೂ ಒಂದೇ ವೇಗ ಒಪ್ಪಿಕೊಂಡಿರಬೇಕು, ಇಲ್ಲದಿದ್ದರೆ ಸರಿಯಾದ ಮಾತೂ ಕಸವಾಗುತ್ತದೆ. ಪ್ರೋಗ್ರಾಮಿನಲ್ಲಿ 9600 ಇತ್ತು, ಮಾನಿಟರಿನಲ್ಲೂ 9600. ಆದರೂ ಅವನು ಪಟ್ಟಿ ಇಳಿಸಿ ಒಂದೊಂದೇ ಒತ್ತುತ್ತಾ ಹೋದ. 4800ಕ್ಕೆ ಬಂದಾಗ ಅಕ್ಷರಗಳು ಮುತ್ತು ಪೋಣಿಸಿದ ಹಾಗೆ ಬಂದವು.

"ನಾನು 9600 ಬರೆದ್ರೆ ಅದ್ಯಾಕೆ 4800ರಲ್ಲಿ ಮಾತಾಡುತ್ತೆ?" ಎಂದು ಅವನೇ ಗೊಣಗಿಕೊಂಡ. ಉತ್ತರಕ್ಕೆ ಕಾಯಲಿಲ್ಲ. ನಾನೂ ಕೇಳಲಿಲ್ಲ. ಡಾಕ್ಟರಮ್ಮನ ಸಹಾಯಕಿ ಬಾಗಿಲಲ್ಲೇ ನಿಂತಿದ್ದಳು, ಆ ಮೊದಲ ಪ್ಯಾಡು ಕೊಟ್ಟು ಕಳಿಸಿದೆವು. ಸೊಂಟ ಹಿಡಿದುಕೊಂಡಿದೆಯೆಂದು ಅಂಗಡಿಗೆ ಬಂದು ಕೂತಿದ್ದ ನಮ್ಮಮ್ಮನೂ ಅವಳ ಜೊತೆಗೇ ಹೋದರು. "ನನ್ನ ಮಕ್ಕಳು ರಿಪೇರಿ ಮಾಡಿದ್ದಕ್ಕೆ ನನ್ನದೇ ಬೋಣಿ," ಎಂದು ನಗುತ್ತಾ ರಸ್ತೆ ದಾಟಿದರು.

ಎರಡನೆಯ ಪ್ಯಾಡನ್ನೂ ಹಾಗೇ ಮುಗಿಸಿ, ಮಾನಿಟರನ್ನು 4800ರಲ್ಲೇ ಇಟ್ಟು ಮೇಜಿನ ಮೇಲೆ ಓಡಲು ಬಿಟ್ಟೆ. ಸೆಕೆಂಡಿಗೊಂದು ಸಾಲು ಬರುವಂತೆ ಅಣ್ಣ ಬರೆದಿದ್ದ. ಗೋಡೆ ಗಡಿಯಾರ ಟಿಕ್ ಎಂದಿತು, ಸಾಲು ಬಂತು. ಮತ್ತೆ ಟಿಕ್ ಎಂದಿತು, ಸಾಲು ಬರಲಿಲ್ಲ. ಇನ್ನೊಂದು ಟಿಕ್, ಆಗ ಬಂತು.

"ಅಣ್ಣ, ಇದು ಎರಡು ಸೆಕೆಂಡಿಗೆ ಒಂದು ಅಂತಿದೆ."

ಅವನು ಗಡಿಯಾರ ನೋಡಿದ, ಪರದೆ ನೋಡಿದ. "ಭೂತಗನ್ನಡಿ ಕೊಡು."

ಬೋರ್ಡಿನ ವೇಗ ನಿರ್ಧರಿಸುವ, ಚಿಪ್ ಪಕ್ಕದ ಪುಟ್ಟ ಸ್ಫಟಿಕದ ಮೇಲೆ 8 ಎಂದು ಕೊರೆದಿತ್ತು. ನಮ್ಮ ಮಾಮೂಲಿ ಬೋರ್ಡಿನದು 16. ಎರಡೂ ಅವಳಿ ಮಕ್ಕಳ ಹಾಗೆ ಒಂದೇ ಥರ, ಡ್ರಾಯರಿನಲ್ಲಿ ಬೆರೆತುಹೋಗಿದ್ದವು. ಹದಿನಾರರ ಲೆಕ್ಕಕ್ಕೆ ಸಿದ್ಧವಾದ ಪ್ರೋಗ್ರಾಂ ಎಂಟರ ಬೋರ್ಡಿನಲ್ಲಿ ಅರ್ಧ ವೇಗದಲ್ಲಿ ತೆವಳುತ್ತಿತ್ತು. ಅಕ್ಷರಗಳು ಅರ್ಧ ವೇಗದಲ್ಲಿ ಬಂದದ್ದು ಅದಕ್ಕೇ. ನಾವು ಮಾನಿಟರನ್ನು ಅದಕ್ಕೆ ಹೊಂದಿಸಿ, ವಾಸಿಯಾಯಿತು ಎಂದುಕೊಂಡಿದ್ದೆವು. ಅದರ ನಿಮಿಷವೂ ನಮ್ಮ ಎರಡು ನಿಮಿಷ.

ಅಂದರೆ ಹದಿನೈದು ನಿಮಿಷದ ಶಾಖ ಅಮ್ಮನಿಗೆ ಅರ್ಧ ಗಂಟೆ.

ಡಾಕ್ಟರಮ್ಮನಿಗೆ ಫೋನು ಮಾಡಿದೆ, ರಿಂಗಾಗಿ ರಿಂಗಾಗಿ ನಿಂತಿತು. ಅಣ್ಣ ಅಷ್ಟರಲ್ಲಿ ಚಪ್ಪಲಿಯನ್ನೂ ಹಾಕದೆ ರಸ್ತೆಯಲ್ಲಿದ್ದ. ನಾನೂ ಓಡಿದೆ.

ಅಮ್ಮ ಮಲಗಿದ್ದ ಮಂಚದ ಸುತ್ತಲಿನ ಪರದೆ ಸರಿಸಿ ಒಳನುಗ್ಗಿದ ಅಣ್ಣ ಗೋಡೆಯ ಪ್ಲಗ್ಗನ್ನೇ ಕಿತ್ತ. ಆರುವ ಮೊದಲು ಪೆಟ್ಟಿಗೆಯ ಮೇಲೆ ಇನ್ನೂ ಆರು ನಿಮಿಷ ಬಾಕಿ ಎಂದಿತ್ತು. ಪಕ್ಕದ ಮಂಚದಲ್ಲಿ ಯಾರದೋ ಮಂಡಿ ಮಡಚುತ್ತಿದ್ದ ಡಾಕ್ಟರಮ್ಮ ಏನಾಯಿತೆಂದು ಎದ್ದು ಬಂದರು. ಅಣ್ಣ ಹೇಳಿದ. ಅವರು ಪ್ಯಾಡು ತೆಗೆದು ಅಮ್ಮನ ಸೆರಗು ಸರಿಸಿದರು. ಸೊಂಟದ ಅಗಲಕ್ಕೂ ಚರ್ಮ ಕೆಂಡದ ಹಾಗೆ ಕೆಂಪಾಗಿತ್ತು. ನಡುವೆ ಎರಡು ಬೊಬ್ಬೆ ಎದ್ದಿದ್ದವು.

"ತಣ್ಣೀರು ಹರಿಸ್ಬೇಕು, ಬೇಗ," ಎಂದು ಅವರು ಸಹಾಯಕಿಯನ್ನು ಕೂಗಿದರು. ಆಮೇಲೆ ಅಮ್ಮನನ್ನು ಕೇಳಿದರು, "ಉರಿ ಆಗ್ಲಿಲ್ವಾ ಅಮ್ಮಾ? ಕರೀಬಾರ್ದಿತ್ತಾ?"

ಅಮ್ಮ ಮಂಚದ ಅಂಚು ಹಿಡಿದುಕೊಂಡಿದ್ದರು.

"ಆಗ್ಲೇ ಚುರುಕ್ ಅಂತಿತ್ತು," ಎಂದು ನಮ್ಮಿಬ್ಬರಿಗೇ ಹೇಳಿದರು, ಮುಖ ಮಾತ್ರ ನೋಡದೆ. "ನಿಮ್ಮ ಪೆಟ್ಟಿಗೆಯಲ್ಲಿ ಇನ್ನೂ ಟೈಮ್ ಇದೆ ಅಂತ ತೋರಿಸ್ತಿತ್ತು. ನಿಮ್ಮ ಕೆಲಸ ಸರಿಯಿಲ್ಲ ಅಂತ ಡಾಕ್ಟರಮ್ಮನ ಮುಂದೆ ನಾನೇ ಹೆಂಗಪ್ಪಾ ಹೇಳ್ಲಿ?"