ಮುರಿಯದ ಮೂಳೆ

ದೂರನ್ನು ಮುಚ್ಚಿದ್ದರು. ಫಿದ್ದಾ ಠಾಣೆಯಿಂದ ಬಂದು, ಸೊಸೆ ಕೊಟ್ಟ ಚಹಾ ಮುಟ್ಟದೆ, ಅಕ್ಕನ ಮಗಳು ನಿಹಾಯಾಳನ್ನೇ ನೋಡುತ್ತ ಕೂತಳು.

"ಮೂಳೆ ಮುರಿದಿದೆ ಅಂತ ನಾನ್ಯಾವಾಗ ಹೇಳ್ದೆ ಕಣೇ?"

"ಹೇಳ್ಲಿಲ್ಲ ಚಿಕ್ಕಮ್ಮ."

"ನಿನ್ನ ವರದಿಯಲ್ಲಿ ಮುರಿದಿದೆ ಅಂತಿದೆಯಂತೆ. ಆಸ್ಪತ್ರೆ ಎಕ್ಸ್‌ರೇ ಚಿತ್ರದಲ್ಲಿ ಮೂಳೆ ನೆಟ್ಟಗಿದೆ. ಕೈ ಸುಳ್ಳಾದ್ರೆ ಒಡೆದ ನೀರಿನ ತೊಟ್ಟಿನೂ ಸುಳ್ಳು ಅಂದ ಅಧಿಕಾರಿ. ನಗ್ತಾ ಅಂದ."

ಗುಡ್ಡದ ಮೇಲಿನ ಇಸ್ರೇಲಿ ವಸಾಹತಿನ ಹುಡುಗರು ದೊಣ್ಣೆ ಹಿಡಿದು ಫಿದ್ದಾಳ ಮನೆಗೆ ಇಳಿದ ಮರುದಿನ ನಿಹಾಯಾಳೇ ಬಂದು ಬರೆದುಕೊಂಡಿದ್ದಳು. ಫಿದ್ದಾಳ ಎಡ ಮುಂಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ನೀಲಿಗಟ್ಟಿದೆ, ಬಲಗೈಗಿಂತ ದಪ್ಪವಾಗಿದೆ; ಬೆರಳು ಮಡಚಲಾಗುತ್ತಿಲ್ಲ ಎಂದು ಆಕೆ ಹೇಳುತ್ತಾಳೆ. ಪಕ್ಕದಲ್ಲಿ ಒಂದು ನಾಣ್ಯವಿಟ್ಟು ಫೋಟೊ. ನೀರಿನ ತೊಟ್ಟಿಗೆ ಮೊಣಕಾಲೆತ್ತರದಲ್ಲಿ ಎರಡು ಬೆರಳಗಲದ ತೂತು, ಅಂಚು ಒಳಕ್ಕೆ ಬಾಗಿದೆ. ಸೌರಫಲಕದ ಗಾಜು ಒಡೆದಿದೆ, ಚೌಕಟ್ಟು ಸರಿಯಾಗಿದೆ. ಕಂಡದ್ದು, ಕೇಳಿದ್ದು, ಅಷ್ಟೇ. ಹಾಗೆ ಬರೆಯುವುದನ್ನು ಕಲಿಸಿದವನು ಅವಳು ಕೆಲಸ ಮಾಡುವ, ಹೆಬ್ರಾನಿನ ಮಾನವ ಹಕ್ಕು ಕಚೇರಿಯ ವಾಸಿಫ್. 'ಮೂಳೆ ಡಾಕ್ಟರಿಗೆ ಬಿಡು, ಚರ್ಮ ನಮ್ಮದು' ಎನ್ನುತ್ತಿದ್ದ. ಅವಳು ಮೊದಲ ವರದಿಯಲ್ಲಿ 'ಸುಟ್ಟಗಾಯ' ಎಂದು ಬರೆದಾಗ, ಕೆಂಪಾಗಿ ಗುಳ್ಳೆ ಎದ್ದಿದೆ ಎಂದಷ್ಟೇ ಬರೆ ಎಂದು ಕಾಗದ ಹಿಂದೆ ತಳ್ಳಿದವನೂ ಅವನೇ.

ಚಿಕ್ಕಮ್ಮನ ಮನೆಯಿಂದ ಅವಳು ಕಚೇರಿಗೆ ಹೋದಾಗ ಅವನು ಕಿಟಕಿಯ ಬಳಿ ಸಿಗರೇಟು ಹಚ್ಚುತ್ತಿದ್ದ.

"ನನ್ನ ವರದಿ ಯಾರು ತಿದ್ದಿದ್ದು, ಅಣ್ಣ?"

"ನಾನೇ." ಮುಚ್ಚಿಡಲಿಲ್ಲ. "ಕೈ ಊದಿದೆ ಅಂದ್ರೆ ನಮಗೆ ದುಡ್ಡು ಕೊಡೋ ಯೂರೋಪಿನಲ್ಲಿ ಯಾರು ಓದ್ತಾರೆ? ದಿನಾ ಹತ್ತು ಊದಿದ ಕೈ ಬರುತ್ತೆ. ಬೆರಳು ಮಡಚೋಕೆ ಆಗ್ತಿರಲಿಲ್ಲ ಅಂದ್ರೆ ಮುರಿದೇ ಇರುತ್ತೆ ಅಂದ್ಕೊಂಡೆ."

"ನೀನು ಅಂದ್ಕೊಂಡೆ."

"ತಪ್ಪಾಯ್ತು. ಮುಂದಿನ ಸಲ ನೋಡ್ಕೊಳ್ಳೋಣ."

"ತಿದ್ದಿದ್ದು ನೀನು ಅಂತ ಚಿಕ್ಕಮ್ಮನ ವಕೀಲರಿಗೆ ಬರ್ಕೊಡು. ಅವರು ಮೇಲ್ಮನವಿ ಹಾಕ್ಬಹುದು."

ವಾಸಿಫ್ ಹೊಗೆಯನ್ನು ನಿಧಾನವಾಗಿ ಬಿಟ್ಟ. "ಕಚೇರಿ ತಿದ್ದುತ್ತೆ ಅಂತ ಗೊತ್ತಾದ್ರೆ ಹಿಂದಿನ ವರದಿಗಳೆಲ್ಲ ಬಿದ್ದುಹೋಗುತ್ತೆ. ವರದಿ ಮೇಲೆ ನಿನ್ನ ಹೆಸರಿದೆ. ಹೊಸಬಳು, ಅವಸರ ಮಾಡಿದ್ಲು ಅಂದ್ರೆ ಜನ ಮರೆತುಬಿಡ್ತಾರೆ."

ಅವನ ದನಿ ಎಂದಿನಂತೆ ಮೃದುವಾಗಿತ್ತು. ಕಲಿಸುವಾಗಲೂ ಹೀಗೆಯೇ ಮಾತಾಡುತ್ತಿದ್ದ. ನಿಹಾಯಾ ತನ್ನ ಮೂಲ ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡಳು.

"ಅವರು ನನ್ನ ಚಿಕ್ಕಮ್ಮ."

"ಅದಕ್ಕೇ ನಿನ್ನ ಕ್ಷಮಿಸ್ತಾರೆ."

ಮೂಲ ಪ್ರತಿಯನ್ನೂ ಫೋಟೊಗಳನ್ನೂ ತನ್ನ ಹೆಸರಿನಲ್ಲೇ ವಕೀಲರಿಗೆ ಕೊಟ್ಟು, ಮೂಳೆಯ ಮಾತು ನನ್ನದಲ್ಲ, ವಾಸಿಫನದು ಎಂದು ಹೇಳಿ ಅವಳು ಊರಿಗೆ ಹೊರಟಳು. ಬಸ್ಸು ಇಳಿಯುವಷ್ಟರಲ್ಲಿ ಕೆಲಸ ಹೋದ ಸುದ್ದಿ ಫೋನಿನಲ್ಲಿ ಬಂದಿತ್ತು.

ಫಿದ್ದಾ ಎಲ್ಲ ಕೇಳಿದಳು. ಕೈಯೀಗ ಹಳದಿಗೆ ತಿರುಗಿತ್ತು. ಇನ್ನೊಂದು ಫೋಟೊ ಬೇಕೆಂದು ವಕೀಲರು ಕೇಳಿದ್ದಾರೆ ಎಂದಳು ನಿಹಾಯಾ.

"ನೀನು ತೆಗೆದದ್ದು ಸಾಕು. ವಕೀಲರೇ ಬಂದು ತೆಗೀಲಿ," ಎಂದು ಚಿಕ್ಕಮ್ಮ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿಕೊಂಡಳು. "ನೀನು ಊಟ ಮಾಡ್ಕೊಂಡು ಹೋಗು."